ಬಾಗಿಲ ಬೆಳಕಿನಲ್ಲಿ ಕಂಡ ಹಳದಿ

ಎಂಬತ್ತರ ದಶಕದ ಮೊದಲಲ್ಲಿ ಚೊಚ್ಚಲ ಹೆರಿಗೆಗೆ ಇಳಕಲ್ಲಿನ ತವರಿಗೆ ಬಂದಿದ್ದೆ. ಅಪ್ಪ ಸೀರೆ ನೇಯುತ್ತಿದ್ದ. ಮಗಳು ಊರಿನ ದವಾಖಾನೆಯಲ್ಲೇ ಹುಟ್ಟಿದಳು. ಮೂರನೆಯ ದಿನ ಮನೆಗೆ ಹೊರಡುವಾಗ ಅವಳ ಮುಖ ತುಸು ಹಳದಿಯಾಗಿತ್ತು. ನಾನು ಗಾಬರಿಯಾದೆ.

ನರ್ಸಬಾಯಿ ಕಿಟಕಿಯ ಬಳಿ ನಿಂತು ಕೂಸಿನ ಹಣೆಯನ್ನು ಬೆರಳಿನಿಂದ ಒತ್ತಿ ಬಿಟ್ಟಳು.

“ಅಂಜಬ್ಯಾಡ. ಭಾಳ ಕೂಸುಗಳಿಗೆ ಹಿಂಗಾಗ್ತೈತಿ, ವಾರ ಹತ್ತು ದಿನಕ್ಕ ತಾನ ಇಳೀತೈತಿ. ಹುಟ್ಟಿದ ದಿನಾನ ಹಳದಿ ಆಗಿದ್ರ ನಿನ್ನ ಮನಿಗೇ ಬಿಡ್ತಿದ್ದಿಲ್ಲ. ಎರಡ ತಾಸಿಗೊಮ್ಮೆ ಎದಿಹಾಲು ಕುಡಸು. ಆದ್ರ ಹಳದಿ ಕಾಲಿಗಿಳಿದ್ರ, ಕೂಸು ಹಾಲಿಗೆ ಏಳಲಿಲ್ಲಂದ್ರ, ಒಂದ ದಿನಾನೂ ಕಾಯಬ್ಯಾಡ, ಬಂದಬಿಡು.”

ಐದನೆಯ ದಿನ ಮಗಳು ಬೆಳಗಿನಿಂದ ಮಲಗೇ ಇದ್ದಳು. ನೋಡಲು ಬಂದವರು ಶಾಂತ ಕೂಸು ಎಂದು ಮೆಚ್ಚಿಕೊಂಡರು. ನನಗೂ ಕಣ್ಣು ಮುಚ್ಚಲು ಪುರಸೊತ್ತು ಸಿಕ್ಕಿತ್ತು. ಮಧ್ಯಾಹ್ನ ಅಂಗಾಲು ತಟ್ಟಿ ಎಬ್ಬಿಸಿದೆ. ಎರಡು ಗುಟುಕು ಎಳೆದು ಮತ್ತೆ ಸೋತು ಮಲಗಿದಳು. ಸುತ್ತಿದ್ದ ಬಟ್ಟೆಯೂ ಬೆಳಗಿನಿಂದ ಒದ್ದೆಯಾಗಿರಲಿಲ್ಲ.

“ಅವ್ವಾ, ದವಾಖಾನಿಗೆ ಹೋಗೂಣು.”

“ಇನ್ನೂ ಪುರುಡು ಕಳದಿಲ್ಲ. ಹೊಸ್ತಿಲ ದಾಟಸಬಾರದು. ನಾಳಿ ನೋಡೂಣು” ಎಂದಳು ಅವ್ವ. ಬಾಣಂತಿಯ ಕತ್ತಲೆ ಕೋಣೆಯಲ್ಲಿ, ಮಂದ ಬಲ್ಬಿನ ಕೆಳಗೆ, ಅವಳಿಗೆ ಅಂಥದ್ದೇನೂ ಕಾಣಿಸಿರಲಿಲ್ಲ.

ಅಪ್ಪ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು ಬಂದ. ನೂಲಿನ ಬಣ್ಣವನ್ನು ಬಲ್ಬಿನ ಬೆಳಕಿನಲ್ಲಿ ಎಂದೂ ಒಪ್ಪದ ಮನುಷ್ಯ. ಮುಟ್ಟಬಾರದೆಂಬ ಪುರುಡನ್ನು ಲೆಕ್ಕಿಸದೆ ಕೂಸನ್ನೆತ್ತಿಕೊಂಡು ಬಾಗಿಲ ಬೆಳಕಿಗೆ ನಡೆದ. ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟ. ಒತ್ತಿದ ಜಾಗ ಅರಿಶಿನದಂತೆ ಹಳದಿಯಾಗಿ ನಿಂತಿತು.

“ನಾಳಿ ಅಲ್ಲ, ಈಗ ನಡೀರಿ” ಎಂದ.

ಊರಿನ ಡಾಕ್ಟರು ನೋಡಿದವರೇ ಬಾಗಲಕೋಟೆಯ ಮಕ್ಕಳ ಡಾಕ್ಟರಿಗೆ ಚೀಟಿ ಬರೆದು ಕಳಿಸಿದರು. ಬಸ್ಸಿನ ದಾರಿಯುದ್ದಕ್ಕೂ ಅವಳನ್ನು ಎಬ್ಬಿಸೆಬ್ಬಿಸಿ ಹಾಲು ಕುಡಿಸಿದೆ.

ಅಲ್ಲಿ ಹಿಮ್ಮಡಿ ಚುಚ್ಚಿ ರಕ್ತ ಪರೀಕ್ಷೆ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಬರಿಮೈಯಲ್ಲಿ ನೀಲಿ ಟ್ಯೂಬ್‌ಲೈಟುಗಳ ಕೆಳಗೆ ಮಲಗಿಸಿದರು.

“ಬಿಸಲಾಗ ಹಿಡದ್ರ ಆಗಾಂಗಿಲ್ಲೇನ್ರಿ?” ಅಪ್ಪ ಕೇಳಿದ.

“ಇಷ್ಟ ಏರಿದ ಮ್ಯಾಲ ಬಿಸಲು ಸಾಲಾಂಗಿಲ್ರಿ. ಇನ್ನೂ ಏರಿದ್ರ ಮಿದುಳಿಗೆ ಹತ್ತತೈತಿ, ಆಗ ರಕ್ತಾನ ಬದಲಿ ಮಾಡಬೇಕಾಗ್ತೈತಿ. ವ್ಯಾಳ್ಯಾಕ್ಕ ಬಂದೀರಿ” ಎಂದರು ಡಾಕ್ಟರು.

ಹಾಲೂಡಿಸಲು ಮಾತ್ರ ಅವಳನ್ನು ನನ್ನ ಕೈಗೆ ಕೊಡುತ್ತಿದ್ದರು. ಮರುದಿನ ಸಂಜೆಗೆ ಜೋರಾಗಿ ಎಳೆದು ಕುಡಿಯತೊಡಗಿದಳು. ಇನ್ನೊಂದು ದಿನಕ್ಕೆ ರಕ್ತದ ಹಳದಿ ಇಳಿಯಿತು. ಬೇಡವೆಂದಿದ್ದ ಅವ್ವನೇ ಅವಳ ಪಾದಕ್ಕೆ ಮುತ್ತಿಟ್ಟು ಕಣ್ಣೊರೆಸಿಕೊಂಡಳು.

ಏರಿದ ಹಳದಿಯಿಂದ ಕಿವಿಗೆ ಪೆಟ್ಟು ಬಿದ್ದಿದೆಯೋ ನೋಡಲು ಕೆಲವು ತಿಂಗಳ ಮೇಲೆ ಮತ್ತೆ ಕರೆದಿದ್ದರು. ಡಾಕ್ಟರು ಅವಳ ಬೆನ್ನ ಹಿಂದೆ ನಿಂತು ಬೀಗದ ಕೈ ಗೊಂಚಲು ಅಲುಗಾಡಿಸಿದರು. ನನ್ನ ತೊಡೆಯ ಮೇಲಿದ್ದ ಮಗಳು ಥಟ್ಟನೆ ಕತ್ತು ಹೊರಳಿಸಿ ಬೊಚ್ಚು ಬಾಯಿ ತೆರೆದು ನಕ್ಕಳು.