ಬಿದ್ದ ಹೊತ್ತು ಯಾವುದು?

ನಾಗಮಂಗಲದ ಆಸ್ಪತ್ರೆಯೊಂದರಲ್ಲಿ ತುರ್ತು ವಿಭಾಗದ ವೈದ್ಯೆಯಾಗಿದ್ದೆ. ಲಕ್ವ ಹೊಡೆದವರು ಬಂದಾಗ ನಾನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ. ಅದಕ್ಕೆ ನೆಟ್ಟಗೆ ಉತ್ತರ ಹೇಳುವ ಪುಣ್ಯಾತ್ಮ ಒಬ್ಬನೂ ಸಿಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹನ್ನೊಂದಕ್ಕೆ ಬಿಂಡಿಗನವಿಲೆ ಕಡೆಯ ರೈತರೊಬ್ಬರು ಹೆಂಡತಿಯನ್ನು ಕರೆತಂದರು. ಐವತ್ತು ದಾಟಿದ ಹೆಂಗಸು. ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತು ನಿಂತಿತ್ತು, ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

"ಎಷ್ಟು ಹೊತ್ತಾಯ್ತು?"

"ಈಗೊಂದ್ ಗಂಟೆ ಆಯ್ತು ಕಣವ್ವ. ಹಾಲ್ ಕರೀತಿದ್ದೋಳು ಅಂಗೇ ಬಿದ್ಬುಟ್ಲು" ಎಂದರು ಗಂಡ.

ನನಗೆ ಖುಷಿಯೇ ಆಯಿತು. ಈಚೆಗೆ ಆಪರೇಷನ್ ಆಗಿಲ್ಲ, ರಕ್ತ ತೆಳುವಾಗಿಸುವ ಮಾತ್ರೆ ಇಲ್ಲ, ಬಿಪಿ, ಸಕ್ಕರೆ ಹದದಲ್ಲಿವೆ. ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಹಾಗಾದರೆ ರಕ್ತನಾಳಕ್ಕೆ ಹೆಪ್ಪು ಅಡ್ಡ ಕೂತಿದೆ. ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಬಿದ್ದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಮೀರಿ ಕೊಟ್ಟರೆ ಮಿದುಳಿನಲ್ಲಿ ರಕ್ತ ಸೋರಿ ಜೀವಕ್ಕೇ ಕುತ್ತಾಗಬಹುದು. ನರ್ಸ್ ತೂಕ ನೋಡಿ ಸಿರಿಂಜು ತುಂಬಿಸಿ ಕೊಟ್ಟಳು.

ಸೂಜಿ ಚುಚ್ಚುವ ಮುನ್ನ ನನ್ನ ಕೈ ತಡೆಯಿತು. ಹಸು ಸಾಕಿದ ಮನೆಯವಳು ನಾನು. ಹತ್ತು ಗಂಟೆಗೆ ಯಾರು ಹಾಲು ಕರೆಯುತ್ತಾರೆ?

"ಯಜಮಾನ್ರೇ, ನೀವು ಡೈರಿಗೆ ಹಾಲು ಹಾಕೋದು ಎಷ್ಟೊತ್ತಿಗೆ?"

"ಆರೂವರೆಗೆ..." ಎಂದವರು ಅಲ್ಲೇ ಕುಕ್ಕರಿಸಿದರು. "ತಪ್ಪಾಯ್ತವ್ವ. ಆರ್ ಗಂಟೆಗೇ ಬಿದ್ಲು. ನಾಟಿ ಔಸ್ದಿ ಕೊಡೋರ ತಾವ ಎಣ್ಣೆ ಹಾಕುಸ್ಕಂಡ್ ಬಂದೊ."

ಬಿದ್ದು ಐದು ಗಂಟೆ ದಾಟಿತ್ತು. ಸಿರಿಂಜನ್ನು ಟ್ರೇಗೆ ಹಾಕಿದೆ.

ಉಳಿದದ್ದು ಇನ್ನೊಂದೇ ದಾರಿ. ತೊಡೆಸಂದಿಯ ರಕ್ತನಾಳದಿಂದ ತೆಳು ಕೊಳವೆಯನ್ನು ಮಿದುಳಿನವರೆಗೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವುದು. ಅದು ಎಲ್ಲರಿಗೂ ಆಗುವಂಥದ್ದಲ್ಲ. ಕಟ್ಟಿಕೊಂಡಿರುವುದು ದೊಡ್ಡ ನಾಳವಾಗಿರಬೇಕು, ಉಳಿಸಿಕೊಳ್ಳುವಷ್ಟು ಮಿದುಳು ಇನ್ನೂ ಇರಬೇಕು. ಅಂಥವರಿಗೆ ಇಪ್ಪತ್ನಾಲ್ಕು ಗಂಟೆಯವರೆಗೂ ಮಾಡುವುದುಂಟು. ನಾಳಗಳು ಕಾಣುವ ಔಷಧಿ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿಸಿದೆ. ಎಡಗಡೆಯ ದೊಡ್ಡ ನಾಳವೇ ಕಟ್ಟಿತ್ತು. ಮಿದುಳು ಬಹುಪಾಲು ಉಳಿದಿತ್ತು. ಚಿತ್ರ ನೋಡಿದ ಮೈಸೂರಿನ ತಜ್ಞರು, "ಒಂದು ನಿಮಿಷ ತಡ ಮಾಡಬೇಡಿ, ಕಳಿಸಿ" ಎಂದರು.

ಆಂಬುಲೆನ್ಸ್ ಹೊರಟಿತು. ಪಾಂಡವಪುರ ದಾಟಿದೆವು ಎಂದು ಡ್ರೈವರ್ ಫೋನ್ ಮಾಡಿದ. ಶ್ರೀರಂಗಪಟ್ಟಣದಲ್ಲಿ ಲಾರಿ ಅಡ್ಡ ನಿಂತಿದೆ ಎಂದಾಗ ಆ ಲಾರಿಯವನಿಗೆ ಇಲ್ಲಿಂದಲೇ ಶಾಪ ಹಾಕಿದೆ. ಊಟ ಸೇರಲಿಲ್ಲ. ಮೂರು ಗಂಟೆಗೆ ಮೈಸೂರಿನಿಂದ ಸುದ್ದಿ ಬಂತು: ಹೆಪ್ಪು ಹೊರಗೆ ಬಂದಿದೆ, ರಕ್ತ ಹರಿಯುತ್ತಿದೆ. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ತಿಂಗಳಾದ ಮೇಲೆ ಆಕೆ ನಡೆದುಕೊಂಡೇ ಬಂದರು. ಕಾಲು ಕೊಂಚ ಎಳೆಯುತ್ತಿತ್ತು, ಮಾತು ತಡೆದು ತಡೆದು ಬರುತ್ತಿತ್ತು. ನಾನು ಗಂಡನನ್ನು ಪಕ್ಕಕ್ಕೆ ಕರೆದು, "ಅವತ್ತು ಒಂದು ಗಂಟೆ ಅಂತ ಯಾಕೆ ಸುಳ್ಳು ಹೇಳಿದ್ರಿ? ನಾನು ಚುಚ್ಚಿಬಿಟ್ಟಿದ್ದರೆ?" ಎಂದೆ.

ಅವರು ಹೆಂಡತಿಗೆ ಕೇಳದ ಹಾಗೆ ದನಿ ತಗ್ಗಿಸಿದರು.

"ಓದ್ ವರ್ಸ ನಮ್ಮಣ್ಣನ್ನ ನಿಮ್ತಾವ್ಲೇ ಕರ್ಕಂಡ್ ಬಂದಿದ್ದೆ. ತಡ ಮಾಡ್ಬುಟ್ರಿ, ಮನುಸ್ರಾ ನೀವು ಅಂತ ಎಲ್ರ ಎದ್ರುಗೂ ಉಗುದ್ರಿ. ಅವನು ಉಳೀಲಿಲ್ಲ. ಅದ್ಕೇ ಎದ್ರುಕಂಡ್ ಅಂಗಂದೆ ಕಣವ್ವ."

ಹಾಗೆ ಬೈದದ್ದು ನನಗೆ ನೆನಪೇ ಇರಲಿಲ್ಲ.