ಮೂವತ್ತೆಂಟು ಬಂದ ದಾರಿ

ನಮ್ಮ ಕಚೇರಿಯಲ್ಲಿ ಆಕೆಗೆ ‘ಎಲ್ಲಿಂದಕ್ಕ’ ಎಂದೇ ಹೆಸರು. ನಾವು ತಯಾರಿಸುವ ಕಿರು ಸಾಕ್ಷ್ಯಚಿತ್ರಗಳ ಪ್ರತಿಯೊಂದು ಅಂಕಿಯ ಮೇಲೆ ಪೆನ್ಸಿಲಿಟ್ಟು “ಎಲ್ಲಿಂದ?” ಎಂದು ಕೇಳುವುದೇ ಆಕೆಯ ಕೆಲಸ. ವಯಸ್ಸು ಐವತ್ತೇಳು, ಮಂಡಿನೋವು, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ನೌಕರಿ ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆ. ಈ ಸಲದ ಕಾಗದ ಸಂಪಾದಕರ ಮೇಜಿನ ಮೇಲೆ ಸಹಿಗೆ ಕಾದು ಕೂತಿತ್ತು.

ಮಂಗಳವಾರ ನನ್ನ ಸ್ಕ್ರಿಪ್ಟಿನ ಪರಿಶೀಲನಾ ಪಟ್ಟಿ ಮೂರು ಕೆಂಪು ಸಾಲು ಹೊತ್ತು ವಾಪಸ್ಸು ಬಂತು. ವಿಷಯ, ಮನೆಯೊಳಗೆ ಮಕ್ಕಳಿಗಾಗುವ ಅಪಘಾತ. ಹಿಂದಿನ ರಾತ್ರಿಯೆಲ್ಲ ಮಗಳಿಗೆ ಜ್ವರ; ನನ್ನ ಕಣ್ಣಲ್ಲಿ ಮರಳು ಸುರಿದಂತಿತ್ತು. ಎರಡು ತಪ್ಪು ಬೇಗ ಮುಗಿದವು. ಒಂದರಲ್ಲಿ ವರದಿ ಅಚ್ಚಾದ ವರ್ಷವನ್ನೇ ಸಮೀಕ್ಷೆ ನಡೆದ ವರ್ಷವೆಂದು ಹಾಕಿದ್ದೆ. ಇನ್ನೊಂದರಲ್ಲಿ ಶೇಕಡಾ ಇಪ್ಪತ್ತರಿಂದ ಹದಿನೈದಕ್ಕೆ ಇಳಿದದ್ದನ್ನು ‘ಶೇಕಡಾ ಐದರಷ್ಟು ಇಳಿಕೆ’ ಎಂದಿದ್ದೆ. ಅದು ಕಾಲುಭಾಗದ ಇಳಿಕೆ.

ಮೂರನೆಯದು: ‘ನೂರು ಮಕ್ಕಳಲ್ಲಿ ಮೂವತ್ತೆಂಟು ಮಂದಿಗೆ ಬಿಸಿನೀರು, ಬಿಸಿಹಾಲಿನಿಂದ ಸುಟ್ಟಗಾಯ.’

“ಎಲ್ಲಿಂದ?” ಅಕ್ಕ ಕೇಳಿದಳು.

“ಒಂದು ಪತ್ರಿಕೆಯಿಂದ ಅಕ್ಕ.”

“ಪತ್ರಿಕೆಗೆ ಎಲ್ಲಿಂದ? ನಿಮ್ಮ ಬೀದೀಲಿ ನೂರು ಮಕ್ಕಳಿದ್ರೆ ಮೂವತ್ತೆಂಟು ಬ್ಯಾಂಡೇಜ್ ಕಾಣ್ಬೇಕಲ್ಲಮ್ಮ.”

ನಾಚಿಕೆಯಾಯಿತು. ಆ ಅಂಕಿ ಓದಿದ ದಿನವೇ ಮನೆಯ ಫ್ಲಾಸ್ಕನ್ನು ಮೇಲಿನ ಕಪಾಟಿಗೆ ಏರಿಸಿದ್ದೆ. ಹೆದರಿದ ತಾಯಿ ಲೆಕ್ಕ ಕೇಳುತ್ತಾಳೆಯೇ?

ಅಕ್ಕ ಹಿಮ್ಮುಖವಾಗಿ ಹೊರಟಳು. ಪತ್ರಿಕೆಯ ಲೇಖನ ಒಂದು ಜಾಲತಾಣವನ್ನು ತೋರಿಸಿತು. ಜಾಲತಾಣ ಒಂದು ವಿಡಿಯೊವನ್ನು ತೋರಿಸಿತು. ವಿಡಿಯೊ ತೆರೆದರೆ ನಮ್ಮದೇ ಲಾಂಛನ! ಎರಡು ವರ್ಷದ ಹಿಂದಿನ ನಮ್ಮದೇ ಚಿತ್ರ. ನಾವೇ ಬಿಟ್ಟ ತಪ್ಪು ಊರೆಲ್ಲ ಸುತ್ತಿ, ಹೊಸ ಅಂಗಿ ತೊಟ್ಟು ಮನೆಗೆ ಬಂದಿತ್ತು.

ಅಕ್ಕ ಹಳೆಯ ಕಡತ ತೆಗೆದಳು. ಆ ಸಾಲಿನ ಎದುರು ‘ಸರಿ ಇದೆ’ ಎಂದಿತ್ತು. ಸಹಿ ಆಕೆಯದೇ.

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು; ಮತ್ತೆ ಒರೆಸಿದಳು. ಆಮೇಲೆ ಮೂಲ ವರದಿಯನ್ನೇ ಹುಡುಕಿ ನಾಲ್ಕನೆಯ ಕೋಷ್ಟಕ ತೋರಿಸಿದಳು. ಮೂವತ್ತೆಂಟು ನಿಜ. ಆದರೆ ಅದು ಸುಟ್ಟಗಾಯಕ್ಕೆಂದು ಆಸ್ಪತ್ರೆಗೆ ದಾಖಲಾದ ನೂರು ಮಕ್ಕಳಲ್ಲಿ, ಎಲ್ಲ ಮಕ್ಕಳಲ್ಲಲ್ಲ.

“ನನ್ನ ಸಾಲು ತಿದ್ದಿಬಿಡೋಣ. ಹಳೇದನ್ನ ಈಗ ಕೆದಕ್ಬೇಡಿ ಅಕ್ಕ, ಮೊದ್ಲು ನಿಮ್ಮ ಗುತ್ತಿಗೆಗೆ ಸಹಿ ಆಗ್ಲಿ” ಎಂದೆ.

“ಅಲ್ಲಿವರೆಗೂ ಆ ತಪ್ಪಿಗೆ ಮೂಲ ಅಂತ ಏನು ಹಾಕ್ಲಿ? ಅಕ್ಕನ ಗುತ್ತಿಗೆ ಅಂತಲಾ?”

ಎದ್ದು, ಮಂಡಿ ಹಿಡಿದುಕೊಂಡೇ ಸಂಪಾದಕರ ಕೋಣೆಗೆ ಹೋದಳು. ಬಾಗಿಲು ಅರೆ ತೆರೆದಿತ್ತು.

“ಎರಡು ವರ್ಷದಿಂದ ಯಾರೂ ಕೇಳಿಲ್ಲ. ಈಗ ನಾವೇ ಹೋಗಿ ಡಂಗುರ ಹೊಡೀಬೇಕಾ?” ಸಂಪಾದಕರ ದನಿ.

“ಕೇಳಿಲ್ಲ ಸರ್. ನಂಬಿದ್ದಾರೆ.”

“ಸಹಿ ನಿಮ್ದೇ ಇದೆಯಲ್ಲ?”

“ಅದಕ್ಕೇ ನಾನೇ ಬಂದೆ.”

‘ಸರಿ, ತಿದ್ದಿ’ ಎಂಬ ಒಪ್ಪಿಗೆ ಪಡೆದು ಹೊರಬಂದವಳು ನೇರ ಗ್ರಾಫಿಕ್ಸ್ ಮೇಜಿಗೆ ನಡೆದಳು. ಹೊಸ ಚಿತ್ರದ ಪರದೆಯ ಕೆಳಗೆ ಹಾಕಲು ಸಾಲು ಹೇಳಿದಳು: ‘ಮೂಲ: ಮಕ್ಕಳ ಸುಟ್ಟಗಾಯ ಸಮೀಕ್ಷೆ, ಹನ್ನೊಂದು ಆಸ್ಪತ್ರೆಗಳು, ಕೋಷ್ಟಕ 4. ದಾಖಲಾದ ಮಕ್ಕಳು ಮಾತ್ರ.’ ಜೊತೆಗೆ ಸಮೀಕ್ಷೆಯ ವರ್ಷ.

“ಅಕ್ಕಾ, ಇದು ಮೂಲನಾ, ವಂಶಾವಳಿನಾ? ಒಂದು ಸಾಲಲ್ಲಿ ಹಿಡಿಯಲ್ಲ” ಎಂದ ಗ್ರಾಫಿಕ್ಸಿನವನು.

“ಎರಡು ಸಾಲು ಮಾಡು. ಅಂಕಿ ಇರೋವರೆಗೂ ಅದೂ ಇರ್ಲಿ. ಓದೋ ಮೊದ್ಲೇ ಓಡಿಸ್ಬೇಡ.”

‘ಸುಟ್ಟಗಾಯಕ್ಕೆಂದು ಆಸ್ಪತ್ರೆಗೆ ದಾಖಲಾದ’ ಎಂಬ ಮಾತು ಸೇರಿಸಿ ನಿರೂಪಕಿಯಿಂದ ಆ ವಾಕ್ಯವನ್ನು ಮತ್ತೆ ಓದಿಸಿದೆವು. ಹಳೆಯ ವಿಡಿಯೊದ ವಿವರಣೆಯಲ್ಲಿ ಎಲ್ಲಕ್ಕಿಂತ ಮೇಲೆ ತಿದ್ದುಪಡಿ ಹಾಕಿದೆವು. ಏನು ತಪ್ಪಿತ್ತು, ಯಾವುದು ಸರಿ, ತಿದ್ದಿದ ದಿನ ಯಾವುದು ಎಂದೆಲ್ಲ ಅದರಲ್ಲಿತ್ತು. ಕಡತದಲ್ಲಿ ಅಕ್ಕ ಹಳೆಯ ಸಹಿಯ ಪಕ್ಕದಲ್ಲೇ ‘ನನ್ನ ತಪ್ಪು, ಆಧಾರ ನೋಡಲಿಲ್ಲ’ ಎಂದು ಬರೆದಳು. ಪತ್ರಿಕೆಗೂ ಜಾಲತಾಣಕ್ಕೂ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಐದೂವರೆಗೆ ಸಂಪಾದಕರು ಕಾಗದ ಕಳಿಸಿದರು. ಗುತ್ತಿಗೆ ಮುಂದುವರಿದಿತ್ತು, ಮೂರು ತಿಂಗಳಿಗೆ. ‘ಒಂದು ವರ್ಷ’ವನ್ನು ಪೆನ್ನಿನಿಂದ ಹೊಡೆದುಹಾಕಿದ್ದರು.

ಅಕ್ಕ ಎರಡು ಸಲ ಓದಿ, ಮಡಚಿ, ಕನ್ನಡಕದ ಡಬ್ಬಿಯೊಳಗೆ ತುರುಕಿದಳು. ನಾನು ಆಕೆಯ ಬಾಟಲಿಗೆ ನೀರು ತುಂಬಿಸಿ ತಂದಿಟ್ಟೆ.

“ಆರಕ್ಕೆ ಶಿಶುಕೇಂದ್ರ ಮುಚ್ತಾರಲ್ವಾ? ಮಗೂಗೆ ಬೇರೆ ಈಗಷ್ಟೇ ಜ್ವರ ಬಿಟ್ಟಿದೆ. ಹೊರಡು” ಎಂದಳು.

ನಾನು ಚೀಲ ಹೆಗಲಿಗೇರಿಸಿ ಬಾಗಿಲು ತಲುಪುವಷ್ಟರಲ್ಲಿ ಹಿಂದಿನಿಂದ ಕರೆದಳು. ಅಂತಿಮ ಚಿತ್ರವನ್ನು ನಿಲ್ಲಿಸಿ ಪರದೆಯ ಹತ್ತಿರ ಬಾಗಿದ್ದಳು.

“ಅಯ್ಯೋ, ಬಾಮ್ಮ ಇಲ್ಲಿ. ದನಿ ತಿದ್ದಿದ್ವಿ, ಚಿತ್ರ ತಿದ್ದಿದ್ವಿ. ಸಬ್‌ಟೈಟಲ್‌ನಲ್ಲಿ ಇನ್ನೂ ಬರೀ ನೂರು ಮಕ್ಕಳೇ ಇದ್ದಾರೆ ನೋಡು, ‘ದಾಖಲಾದ’ ಇಲ್ಲ.”

ಶಿಶುಕೇಂದ್ರಕ್ಕೆ ‘ಹತ್ತು ನಿಮಿಷ ತಡ’ ಎಂದು ಸಂದೇಶ ಹಾಕಿ, ಚೀಲ ಕೆಳಗಿಟ್ಟೆ.