ಕಾಣದ ಮುಖವನ್ನು ಕಂಡೆ ಎಂದೆ

ಹಲಸೂರಿನಲ್ಲಿ ರಸ್ತೆ ದಾಟುತ್ತಿದ್ದ ನನ್ನ ತಮ್ಮನನ್ನು ಒಂದು ಬಿಳಿ ಕಾರು ಗುದ್ದಿ ಹೋಯಿತು. ಸಂಜೆ ಐದೂವರೆ. ನಾನು ಹತ್ತು ಹೆಜ್ಜೆ ಹಿಂದಿದ್ದೆ. ಕಾರಿನ ನಂಬರು ಕಣ್ಣಿಗೆ ಬಿತ್ತು. ಗಾಜಿನ ಮೇಲೆ ಬಿಸಿಲು ಹೊಳೆದು ಓಡಿಸುತ್ತಿದ್ದವನ ಮುಖ ಕಾಣಲಿಲ್ಲ. ಮಾರನೆಯ ದಿನ ಪೊಲೀಸರಿಗೂ ಹಾಗೆಯೇ ಹೇಳಿದೆ. ತಮ್ಮ ಆ ವೇಳೆಗಾಗಲೇ ಇಲ್ಲವಾಗಿದ್ದ.

ಕಾರು ಇಂದಿರಾನಗರದ ಒಬ್ಬ ಕಟ್ಟಡ ಮಾಲೀಕನದು. ಪೊಲೀಸರು ಅವನ ಮೇಲೆಯೇ ಕೇಸು ಹಾಕಿದರು. ಅವನು ಜಾಮೀನಿನ ಮೇಲೆ ಹೊರಬಂದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೋರ್ಟಿಗೆ ಬರುತ್ತಿದ್ದ. ಅವನ ಕತ್ತನ್ನೇ ನೋಡುತ್ತ ಕೂರುತ್ತಿದ್ದೆ. ಅವನ ಅಮ್ಮನೂ ನನ್ನಮ್ಮನ ಹಾಗೆ ಅಳಬೇಕು ಅನ್ನಿಸುತ್ತಿತ್ತು.

ನಾನು ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಸರ್ಕಾರಿ ವಕೀಲರನ್ನು ಕೇಳಿದೆ: "ಮೇಡಂ, ಅವನು ಯಾಕೆ ಬಾಯೇ ಬಿಡ್ತಿಲ್ಲ? ತಾನು ಓಡಿಸ್ಲಿಲ್ಲ ಅಂತ ಅವನು ತೋರಿಸ್ಬೇಕಲ್ವಾ?"

"ಇಲ್ಲಮ್ಮ. ತಪ್ಪು ಸಾಬೀತಾಗೋವರೆಗೂ ಕೋರ್ಟು ಅವನನ್ನ ನಿರಪರಾಧಿ ಅಂತಾನೇ ನೋಡುತ್ತೆ. ಸಾಬೀತು ಮಾಡೋ ಹೊರೆ ನಮ್ಮದು. ಅವನು ಸುಮ್ನಿದ್ದಾನೆ ಅಂತ ತಪ್ಪಿತಸ್ಥ ಅನ್ನೋಕಾಗಲ್ಲ."

"ಒಂಚೂರು ಅನುಮಾನ ಬಂದ್ರೂ ಬಿಟ್ಬಿಡ್ತಾರಾ?"

"ಯಾವ್ದೋ ಅನುಮಾನಕ್ಕೆಲ್ಲ ಬಿಡಲ್ಲ. ಭೂತ ಬಂದು ಓಡಿಸ್ತು ಅಂದ್ರೆ ಯಾರೂ ಕೇಳಲ್ಲ. ಆದ್ರೆ ಅವನ ಭಾಮೈದನ ಹತ್ರಾನೂ ಕೀ ಇರ್ತಿತ್ತು. ಅವನೇ ಓಡಿಸಿರಬಹುದಲ್ಲ ಅಂತ ಸಾಕ್ಷ್ಯ ನೋಡಿದ ಮೇಲೂ ಅನ್ನಿಸಿದ್ರೆ, ಅದು ನ್ಯಾಯವಾದ ಅನುಮಾನ. ಅದರ ಲಾಭ ಆರೋಪಿಗೆ."

"ನಾನು ಮುಖ ನೋಡ್ದೆ ಅಂದ್ರೆ?"

ಅವರು ಫೈಲು ಮುಚ್ಚಿದರು. "ನೋಡಿದ್ರೆ ಹೇಳಿ. ನೋಡಿಲ್ದಿದ್ರೆ ಖಂಡಿತ ಹೇಳ್ಬೇಡಿ. ಅಲ್ಲಿ ರಸ್ತೆ ಬದೀಲಿ ಎಳನೀರು ಮಾರೋನು ನೋಡಿದ್ದಾನೆ, ಅವನು ಹೇಳ್ತಾನೆ."

ಕಟಕಟೆಯಲ್ಲಿ ಪ್ರಮಾಣ ಮಾಡಿದೆ. ಎದುರಿಗೆ ಆ ಕಾರಿನ ಮಾಲೀಕ ನಿಂತಿದ್ದ. "ಇವನೇ," ಎಂದೆ. "ಕಾರಿಂದ ಇಳೀಲೂ ಇಲ್ಲ. ಗಾಜಿನೊಳಗಿಂದ ನನ್ನನ್ನೇ ನೋಡಿ ಹೊರಟೋದ." ಹೇಳುವಾಗ ನನಗೆ ಸುಖವಾಯಿತು. ಅದನ್ನು ಬಚ್ಚಿಡುವುದಿಲ್ಲ.

ಅವನ ಪರ ವಕೀಲರು ಪೊಲೀಸರಿಗೆ ನಾನು ಕೊಟ್ಟಿದ್ದ ಹೇಳಿಕೆಯನ್ನು ಮೆಲ್ಲಗೆ ಓದಿದರು. "ಬಿಸಿಲಿಗೆ ಮುಖ ಕಾಣಲಿಲ್ಲ ಅಂದಿದ್ರಲ್ಲ?" ನಾನು ಹಾಗೆ ಹೇಳಿಯೇ ಇಲ್ಲವೆಂದೆ. ಮುಂದೊಂದು ದಿನ ತನಿಖಾಧಿಕಾರಿ ಬಂದು, ಮುಖ ಕಾಣಲಿಲ್ಲವೆಂದೇ ನಾನು ಹೇಳಿದ್ದೆ ಎಂದರು.

ನನ್ನ ನಂತರ ಎಳನೀರಿನವನು ಬಂದ. ಇವನೇ ಓಡಿಸುತ್ತಿದ್ದದ್ದು ಎಂದು ಗುರುತಿಸಿದ. "ಬಾಗಿಲು ತೆಗೆದು ಇಳಿದ್ರು ಸಾರ್, ಹುಡುಗನ್ನ ನೋಡಿ ಮತ್ತೆ ಹತ್ಕೊಂಡು ಹೋದ್ರು." ನಾನು ಇಳಿಯಲಿಲ್ಲ ಎಂದಿದ್ದೆ, ಅವನು ಇಳಿದ ಎಂದ. ಆ ಬಿರುಕು ಎದುರು ವಕೀಲರಿಗೆ ಸಾಕಾಯಿತು.

ತೀರ್ಪಿನ ದಿನ ನ್ಯಾಯಾಧೀಶರು ಓದಿದರು: ಕಾರು ಅದೇ ಎಂಬುದು ಸಾಬೀತಾಗಿದೆ, ಆದರೆ ಆರೋಪಿಯನ್ನು ಗುರುತಿಸಿದ ಪ್ರತ್ಯಕ್ಷದರ್ಶಿಗಳೇ ಅವನು ಇಳಿದನೋ ಇಲ್ಲವೋ ಎಂಬುದರಲ್ಲಿ ಪರಸ್ಪರ ವಿರುದ್ಧವಾಗಿ ನುಡಿದಿದ್ದಾರೆ, ಓಡಿಸಿದವರು ಯಾರೆಂಬ ಅನುಮಾನ ಉಳಿದಿದೆ, ಅನುಮಾನದ ಲಾಭ ನೀಡಿ ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ.

ಹೊರಗೆ ಎಳನೀರಿನವನು ನನ್ನ ಬಳಿ ಬಂದು, "ಅಕ್ಕಾ, ನಾನು ಕಂಡಿದ್ದೇ ಹೇಳ್ದೆ," ಎಂದ. ನಾನು ತಲೆಯಾಡಿಸಿದೆ. ಮೇಲ್ಮನವಿ ಹಾಕಬಹುದು ಎಂದು ಸರ್ಕಾರಿ ವಕೀಲರು ಅಮ್ಮನಿಗೆ ವಿವರಿಸುತ್ತಿದ್ದರು. ಬಿಡುಗಡೆಯಾದ ಕಾರಿನ ಮಾಲೀಕ ಮೆಟ್ಟಿಲಿಳಿದು ಹೋದ. ಅವನನ್ನು ಬಿಡಿಸಿದ್ದು ನಾನು. ಅದು ಗೊತ್ತಿದ್ದೂ ಅವನ ಮೇಲಿನ ಹಗೆ ಎಳ್ಳಷ್ಟೂ ಕಡಿಮೆಯಾಗಿಲ್ಲ.